ಜಮೀನು ಮಾರಾಟದ ಜಾಹೀರಾತು: ಸರ್ವೆ, ದಾರಿ, ಬಳಕೆ ಈ ಮೂರನ್ನು ಬರೆಯುವುದು ಹೇಗೆ

"30 ಗುಂಟೆ ಜಮೀನು, ರೋಡ್ ಟಚ್, ಕ್ಲಿಯರ್ ಟೈಟಲ್, ಮನೆ ಕಟ್ಟಲು ಸೂಕ್ತ, ಆಸಕ್ತರು ಕರೆ ಮಾಡಿ." ಹೀಗೆ ಹಾಕಿದರೆ ಕರೆಗಳು ಖಂಡಿತ ಬರುತ್ತವೆ. ಆದರೆ ಯಾರಿಂದ? ಬ್ರೋಕರ್‌ಗಳಿಂದ, ಸುಮ್ನೆ ರೇಟ್ ಕೇಳುವವರಿಂದ, "ಲೊಕೇಶನ್ ಕಳಿಸಿ" ಅಂದು ಮತ್ತೆ ಪತ್ತೆ ಇಲ್ಲದವರಿಂದ. ನಿಜವಾಗಿ ಕೊಳ್ಳಲು ಹೊರಟವನು, ವಕೀಲರನ್ನು ಇಟ್ಟುಕೊಂಡವನು, ಈ ಸಾಲನ್ನು ಓದಿ ಮುಂದಕ್ಕೆ ಹೋಗುತ್ತಾನೆ. ಅವನಿಗೆ ಬೇಕಾದ ಒಂದು ಮಾತೂ ಇದರಲ್ಲಿ ಇಲ್ಲ.

ಅವನಿಗೆ ಬೇಕಾದ್ದು ಮೂರೇ ವಿಷಯ. ಕಾಗದದಲ್ಲಿ ಇರುವ ಜಾಗ ನೆಲದ ಮೇಲೂ ಅಷ್ಟೇ ಇದೆಯಾ? ಅಲ್ಲಿಗೆ ಹೋಗುವ ದಾರಿ ಯಾರದ್ದು? ಅಲ್ಲಿ ಇವತ್ತು ಏನು ಮಾಡಲು ಅನುಮತಿ ಇದೆ? ಇದನ್ನು ಜಾಹೀರಾತಲ್ಲೇ ಬರೆದುಬಿಟ್ಟರೆ ಕರೆಗಳು ಕಮ್ಮಿಯಾಗುತ್ತವೆ, ಬರುವ ಕರೆ ಗಟ್ಟಿಯಾಗಿರುತ್ತದೆ. ಇಲ್ಲಿ ಹೇಳುತ್ತಿರುವುದು ಕರ್ನಾಟಕದಲ್ಲಿ ತಮ್ಮದೇ ಒಂದು ತುಂಡು ಜಮೀನು ಮಾರುವವರಿಗೆ. ಲೇಔಟ್ ಮಾಡಿ ಸೈಟುಗಳನ್ನು ಮಾರುವವರ ಕಥೆ ಬೇರೆ. ಅಲ್ಲಿ ಜಾಗ 500 ಚದರ ಮೀಟರ್ ದಾಟಿದರೆ ಸಾಮಾನ್ಯವಾಗಿ ರೇರಾ ನೋಂದಣಿ ಆಗುವ ತನಕ ಜಾಹೀರಾತನ್ನೇ ಕೊಡುವಂತಿಲ್ಲ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಜಮೀನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸರ್ವೆ ನಂಬರ್ 84/2. ಒಟ್ಟು ವಿಸ್ತೀರ್ಣ 1 ಎಕರೆ 24 ಗುಂಟೆ, ಅದರಲ್ಲಿ 4 ಗುಂಟೆ ಖರಾಬು. ಉಳಿದ 1 ಎಕರೆ 20 ಗುಂಟೆ, ಅಂದರೆ 60 ಗುಂಟೆ, ಅಣ್ಣ ತಂಗಿ ನಡುವೆ ತಲಾ 30 ಗುಂಟೆ ಅಂತ ವಿಭಾಗ ಆಗಿದೆ. ಮ್ಯುಟೇಷನ್ ಆಗಿ ಪಹಣಿಯಲ್ಲಿ ಇಬ್ಬರ ಹೆಸರೂ ಬಂದಿದೆ, ಆದರೆ ಪೋಡಿ, ಅಂದರೆ ಅಳೆದು ಇಬ್ಬರ ಭಾಗವನ್ನೂ ಸರ್ಕಾರದ ನಕ್ಷೆಯಲ್ಲಿ ಬೇರೆ ಮಾಡುವುದು, ಆಗಿಲ್ಲ. ತಂಗಿ ತನ್ನ 30 ಗುಂಟೆಯನ್ನು ಮಾರಬೇಕು. ಉತ್ತರಕ್ಕೆ ಡಾಂಬರು ರಸ್ತೆ ಇದೆ. ನಮ್ಮ ಕಡೆ ಮಾರಾಟಕ್ಕೆ ಬರುವ ಜಮೀನು ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಅಲ್ವಾ?

ಮೊದಲ ಹೆಜ್ಜೆ: ಪಹಣಿಯನ್ನು ಕೊಳ್ಳುವವನ ಕಣ್ಣಿಂದ ಓದಿ

ಬರೆಯಲು ಕೂರುವ ಮುಂಚೆ ಭೂಮಿ ತಾಣದಿಂದ ಹೊಸ ಪಹಣಿ ತೆಗೆಯಿರಿ. ಬೀರುವಿನಲ್ಲಿ ಇರುವ ಹಳೇದು ಬೇಡ. ನಿಮ್ಮ ಸರ್ವೆ ನಂಬರ್ ಗೊತ್ತಾದ ಯಾರು ಬೇಕಾದರೂ ಪಹಣಿಯನ್ನು ಆನ್‌ಲೈನ್‌ನಲ್ಲಿ ನೋಡಬಹುದು. ನೀವು ನೋಡದೇ ಇದ್ದದ್ದನ್ನು ಅವರು ಮೊದಲು ನೋಡಿದರೆ ಮಾತುಕತೆ ಅಲ್ಲೇ ಕೆಡುತ್ತದೆ.

ಮೂರನೇ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ. ಅಲ್ಲೇ ಖರಾಬು ಕೂಡ ಇರುತ್ತದೆ, ಅದು 'ಎ' ಅಥವಾ 'ಬಿ'. 'ಎ' ಖರಾಬು ಅಂದರೆ ಬಂಡೆ, ಕೊರಕಲು ಅಂಥ ಸಾಗುವಳಿಗೆ ಬಾರದ ಜಾಗ. 'ಬಿ' ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದು ಸರ್ಕಾರದ್ದು, ಅದನ್ನು ನೀವು ಮಾರಲು ಆಗಲ್ಲ. ಜಾಹೀರಾತಿನ ಅತಿ ಸಾಮಾನ್ಯ ತಪ್ಪು ಇಲ್ಲೇ ಆಗುವುದು. ನಮ್ಮ 84/2ರಲ್ಲಿ 4 ಗುಂಟೆ 'ಬಿ' ಖರಾಬು, ಅದು ದಕ್ಷಿಣದ ಹಳ್ಳ. ತಂಗಿ "ಹಳ್ಳದ ಕಡೆ ಅರ್ಧ ನನ್ನದೇ" ಅಂದುಕೊಂಡು 32 ಗುಂಟೆ ಅಂತ ಬರೆದರೆ, ನೋಂದಣಿಯ ದಿನ 2 ಗುಂಟೆ ಮಾಯ. ಖರಾಬು ಬಿಟ್ಟು ಎಷ್ಟು ಅನ್ನುವುದನ್ನು ಮಾತ್ರ ದೊಡ್ಡದಾಗಿ ಬರೆಯಿರಿ. ಹಳ್ಳ ಇದೆ ಅನ್ನುವುದನ್ನು ಬೇರೆ ಸಾಲಿನಲ್ಲಿ ಹೇಳಿ.

ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ. ಸಹಕಾರ ಸಂಘದ ಬೆಳೆ ಸಾಲವನ್ನು ತೀರಿಸಿ ಎಷ್ಟೋ ವರ್ಷ ಆಗಿದ್ದರೂ ಹನ್ನೊಂದನೇ ಕಾಲಂನಲ್ಲಿ ಅದು ಹಾಗೇ ಕೂತಿರುತ್ತದೆ. ತೀರಿದೆ ಅಂತ ಬಾಯಲ್ಲಿ ಹೇಳುವುದಕ್ಕಿಂತ, ತೀರುವಳಿ ಪತ್ರ ಕೊಟ್ಟು ತೆಗೆಸಿಯೇ ಜಾಹೀರಾತು ಹಾಕಿ. ಹಾಗೆಯೇ ಈ ಜಮೀನು ಹಿಂದೆ ಯಾವತ್ತಾದರೂ ಸರ್ಕಾರದ ಮಂಜೂರಾತಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಬಂದದ್ದಾ ಅಂತ ನೋಡಿಕೊಳ್ಳಿ. ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಇದನ್ನು ಮುಚ್ಚಿಟ್ಟು ಮಾರುವ ಯೋಚನೆ ಬೇಡವೇ ಬೇಡ.

ಎರಡನೇ ಹೆಜ್ಜೆ: ಟೇಪು ಹಿಡಿದು ಜಮೀನಿಗೆ ಹೋಗಿ

ಕಾಗದದಲ್ಲಿ 30 ಗುಂಟೆ. ನೆಲದ ಮೇಲೆ ಎಷ್ಟು? ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಹದಿನಾರು ಆಣೆ ಸೇರಿದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. 30 ಗುಂಟೆ ಅಂದರೆ 32,670 ಚದರ ಅಡಿ ಇರಬೇಕು.

ತಂಗಿ ಬೇಲಿಯ ಒಳಗೆ ಅಳೆದಳು ಅಂತ ಇಟ್ಟುಕೊಳ್ಳಿ. ಉತ್ತರ 176 ಅಡಿ, ದಕ್ಷಿಣ 182, ಪೂರ್ವ 180, ಪಶ್ಚಿಮ 174. ಎಲ್ಲರೂ ಮಾಡುವ ಲೆಕ್ಕ ಇದು: ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು. 179 ಇಂಟು 177, ಬರುವುದು 31,683 ಚದರ ಅಡಿ. ಅಂದರೆ 29 ಗುಂಟೆಗಿಂತ ಸ್ವಲ್ಪ ಜಾಸ್ತಿ. "ಒಂದು ಗುಂಟೆ ಹೆಚ್ಚುಕಮ್ಮಿ ಇರುತ್ತೆ ಬಿಡಿ" ಅಂತ ಸಮಾಧಾನ ಮಾಡಿಕೊಳ್ಳಬಹುದು.

ಆದರೆ ಈ ಲೆಕ್ಕ ಸರಿ ಬರುವುದು ನಾಲ್ಕೂ ಮೂಲೆ ಲಂಬವಾಗಿದ್ದಾಗ ಮಾತ್ರ. ಜಾಗ ಓರೆಯಾಗಿದ್ದರೆ ಇದು ಯಾವಾಗಲೂ ಇರುವುದಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಕಮ್ಮಿ ತೋರಿಸುವುದೇ ಇಲ್ಲ. ಹಾಗಾಗಿ ಒಂದು ಮೂಲೆಯಿಂದ ಎದುರು ಮೂಲೆಗೂ ಅಳೆಯಿರಿ, ಅಂದರೆ ಕರ್ಣ. ಇಲ್ಲಿ ಈಶಾನ್ಯ ಮೂಲೆಯಿಂದ ನೈಋತ್ಯ ಮೂಲೆಗೆ 230 ಅಡಿ ಬಂತು. ಈಗ ಜಾಗ ಎರಡು ತ್ರಿಕೋನ ಆಯಿತು. ಒಂದರ ಬದಿಗಳು 176, 174, 230. ಇನ್ನೊಂದರದು 182, 180, 230. ಮೂರು ಬದಿ ಗೊತ್ತಿದ್ದರೆ ತ್ರಿಕೋನದ ವಿಸ್ತೀರ್ಣ ಸಿಗುತ್ತದೆ. ಮೂರೂ ಬದಿ ಕೂಡಿ ಅರ್ಧ ಮಾಡಿ. ಆ ಅರ್ಧದಿಂದ ಒಂದೊಂದು ಬದಿಯನ್ನು ಕಳೆದು ಮೂರು ಸಂಖ್ಯೆ ತೆಗೆಯಿರಿ. ಅರ್ಧವನ್ನೂ ಆ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಆಯಿತು, ಫೋನಿನ ಕ್ಯಾಲ್ಕುಲೇಟರ್ ಸಾಕು. ಮೊದಲನೆಯದು ಸುಮಾರು 15,169, ಎರಡನೆಯದು 16,073. ಒಟ್ಟು 31,242 ಚದರ ಅಡಿ. ಗುಂಟೆ ಲೆಕ್ಕದಲ್ಲಿ 28 ಗುಂಟೆ 11 ಆಣೆ.

ಅಂದರೆ ಕಾಗದಕ್ಕಿಂತ 1,428 ಚದರ ಅಡಿ ಕಮ್ಮಿ. ಎಲ್ಲಿ ಹೋಯಿತು? ಉತ್ತರದ ರಸ್ತೆಯನ್ನು ನೋಡಿ. ಹಿಂದೆ ಬಂಡಿದಾರಿ ಆಗಿದ್ದದ್ದನ್ನು ಡಾಂಬರು ಹಾಕುವಾಗ ಅಗಲ ಮಾಡಿ, ಬೇಲಿಯನ್ನು ಸುಮಾರು 8 ಅಡಿ ಒಳಗೆ ತಳ್ಳಿದ್ದರು. 176 ಅಡಿ ಉದ್ದಕ್ಕೆ 8 ಅಡಿ ಅಂದರೆ 1,408 ಚದರ ಅಡಿ. ಲೆಕ್ಕ ಹೆಚ್ಚುಕಮ್ಮಿ ಕೂಡಿ ಬಂತು. ಜಾಗ ಒತ್ತುವರಿ ಆಗಿಲ್ಲ, ರಸ್ತೆಗೆ ಹೋಗಿದೆ, ಆದರೆ ಪಹಣಿಯಲ್ಲಿ ಇನ್ನೂ ಇವಳ ಹೆಸರಲ್ಲೇ ಇದೆ. ಕೊಳ್ಳುವವನಿಗೆ ಇದನ್ನು ಮೊದಲೇ ಹೇಳಿದರೆ ಒಂದು ಸಾಲಿನ ವಿಷಯ. ಅಡ್ವಾನ್ಸ್ ಕೊಟ್ಟಮೇಲೆ ಅವನ ಸರ್ವೆಯರ್ ಕಂಡುಹಿಡಿದರೆ ಅದೇ ದೊಡ್ಡ ಜಗಳ.

ಕೊರತೆ ಅಕ್ಕಪಕ್ಕದವರ ಬದಿಯಲ್ಲಿ ಇದ್ದರೆ ಮಾತ್ರ ಬೇರೆ ದಾರಿ. ಆಗ ನಿಮ್ಮ ಟೇಪು ಸಾಲದು. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ಕಾರಿ ಭೂಮಾಪಕರಿಂದ ಗಡಿ ಗುರುತು ಮಾಡಿಸಿ. ಅವರು ಅಳೆಯುವುದು ಹಳೇ ಟಿಪ್ಪಣಿ, ಅಂದರೆ ಮೂಲ ಸರ್ವೆಯ ಅಳತೆ ದಾಖಲೆ ಇಟ್ಟುಕೊಂಡು, ಬೇಲಿ ನೋಡಿಕೊಂಡಲ್ಲ. ಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅವರು ಬಂದು ನಿಂತಾಗಲೇ ಇರುವ ತಕರಾರು ಹೊರಗೆ ಬರುತ್ತದೆ. ಮಾರುವ ಮುಂಚೆ ಬಂದರೆ ಒಳ್ಳೆಯದೇ.

ಮೂರನೇ ಹೆಜ್ಜೆ: ಪೋಡಿ ಆಗಿಲ್ಲದಿದ್ದರೆ 11ಇ ನಕ್ಷೆ

84/2ರಲ್ಲಿ ಇಬ್ಬರ ಹೆಸರಿದೆ, ಆದರೆ ಯಾವ ಬದಿ ಯಾರದ್ದು ಅಂತ ಸರ್ಕಾರದ ನಕ್ಷೆಯಲ್ಲಿ ಗೆರೆ ಇಲ್ಲ. ಅಣ್ಣ ತಂಗಿ ಬಾಯಿಮಾತಲ್ಲಿ ಪೂರ್ವ ನನ್ನದು, ಪಶ್ಚಿಮ ನಿನ್ನದು ಅಂತ ಇದ್ದಾರೆ. ಇಂಥ ಸರ್ವೆ ನಂಬರಿನಲ್ಲಿ ಒಂದು ಭಾಗವನ್ನು ಮಾರಬೇಕಾದರೆ ನೋಂದಣಿಗೆ 11ಇ ನಕ್ಷೆ ಬೇಕು. ಮೋಜಿಣಿ ಅರ್ಜಿ ಹಾಕಿದರೆ ಭೂಮಾಪಕರು ಬಂದು ಅಳೆದು, ಮಾರುವ ಭಾಗವನ್ನು ಗುರುತಿಸಿ ನಕ್ಷೆ ಮಾಡಿಕೊಡುತ್ತಾರೆ. ನೋಂದಣಿ ಆದಮೇಲೆ ಅದರ ಆಧಾರದಲ್ಲೇ ಹೊಸ ಹಿಸ್ಸಾ ನಂಬರ್ ಬರುತ್ತದೆ.

ಹಲವರು "ಮೊದಲು ಪಾರ್ಟಿ ಸಿಗಲಿ, ಆಮೇಲೆ ಸ್ಕೆಚ್ ಮಾಡಿಸೋಣ" ಅನ್ನುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ನಕ್ಷೆ ಕೈಯಲ್ಲಿ ಇಲ್ಲದೆ ನೀವು ಬರೆಯುವ ಅಳತೆ, ಚಕ್ಕುಬಂದಿ, ರಸ್ತೆಗೆ ತಾಗುವ ಉದ್ದ ಎಲ್ಲವೂ ಅಂದಾಜು. ಅಳೆಯುವ ದಿನ ಅಣ್ಣ "ನಿಮ್ಮ ಗೆರೆ ಇಲ್ಲಲ್ಲ, ಅಲ್ಲಿ" ಅಂದರೆ ನಿಮ್ಮ ಜಾಹೀರಾತಿನ ಪ್ರತಿ ಸಾಲೂ ತಪ್ಪಾಗುತ್ತದೆ. ಇನ್ನೂ ಆಗಿಲ್ಲದಿದ್ದರೆ "11ಇ ನಕ್ಷೆಗೆ ಅರ್ಜಿ ಹಾಕಿದೆ, ಅಳತೆ ಬಾಕಿ" ಅಂತಲಾದರೂ ಬರೆಯಿರಿ.

ಚಕ್ಕುಬಂದಿಯನ್ನು ಪತ್ರದಲ್ಲಿ ಇರುವ ಹಾಗೇ ನಕಲು ಮಾಡಬೇಡಿ. ಮೂವತ್ತು ವರ್ಷದ ಹಿಂದಿನ ಪತ್ರದಲ್ಲಿ "ಪೂರ್ವಕ್ಕೆ ಇಂಥವರ ಜಮೀನು" ಅಂತ ಇರುತ್ತದೆ, ಆ ಜಮೀನು ಅದಾದಮೇಲೆ ಎರಡು ಕೈ ಬದಲಾಗಿರುತ್ತದೆ. ಹೆಸರಿನ ಬದಲು ಸರ್ವೆ ನಂಬರ್ ಹಾಕಿ: ಪೂರ್ವಕ್ಕೆ ಸರ್ವೆ ನಂಬರ್ 85, ಪಶ್ಚಿಮಕ್ಕೆ ಇದೇ ಸರ್ವೆ ನಂಬರಿನ ಉಳಿದ 30 ಗುಂಟೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಹಳ್ಳ. ಹೆಸರು ಬದಲಾದರೂ ನಂಬರ್ ಅಲ್ಲೇ ಇರುತ್ತದೆ. ಪಕ್ಕದವರ ಹೆಸರನ್ನು ಸಾರ್ವಜನಿಕವಾಗಿ ಹಾಕಿದ ಮುಜುಗರವೂ ಇಲ್ಲ.

ಸರ್ವೆ ನಂಬರನ್ನೇ ಜಾಹೀರಾತಲ್ಲಿ ಹಾಕಬೇಕಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಹಾಕಿ ಅಂತಲೇ ಹೇಳುತ್ತೇನೆ. ಬ್ರೋಕರ್‌ಗಳು ಬೇಡ ಅನ್ನುವುದು ತಮ್ಮನ್ನು ಬಿಟ್ಟು ನೇರವಾಗಿ ಹೋಗುತ್ತಾರೆ ಅಂತ. ನಂಬರ್ ಇದ್ದರೆ ಗಂಭೀರವಾಗಿ ನೋಡುವವನು ರಾತ್ರಿಯೇ ಪಹಣಿ ನೋಡಿ, ದಿಶಾಂಕ್ ಆ್ಯಪಿನಲ್ಲಿ ಜಾಗ ನೋಡಿ, ಬೆಳಿಗ್ಗೆ ಸರಿಯಾದ ಪ್ರಶ್ನೆ ಇಟ್ಟುಕೊಂಡು ಕರೆ ಮಾಡುತ್ತಾನೆ. ಹಾಕಬಾರದ್ದು ಬೇರೆ ಇದೆ: ಕ್ರಯಪತ್ರದ ಪೂರ್ತಿ ಸ್ಕ್ಯಾನ್, ಸಹಿ, ಹೆಬ್ಬೆಟ್ಟು, ಆಧಾರ್. ಅವನ್ನು ಎದುರು ಕೂತಾಗ ತೋರಿಸಿದರೆ ಸಾಕು. ಸಹಿ ಇರುವ ಪತ್ರ ಅಂತರ್ಜಾಲದಲ್ಲಿ ಓಡಾಡಿದರೆ ನಕಲಿ ಮಾಡುವವರಿಗೆ ಅಷ್ಟೇ ಸಾಕು.

ನಾಲ್ಕನೇ ಹೆಜ್ಜೆ: ದಾರಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ವ್ಯಾಪಾರ ಮುರಿಯುವುದು ದಾರಿಯ ವಿಷಯದಲ್ಲೇ. "ರೋಡ್ ಟಚ್" ಅನ್ನುವ ಎರಡು ಪದದಲ್ಲಿ ನಾಲ್ಕು ಪ್ರಶ್ನೆ ಅಡಗಿರುತ್ತವೆ, ನಾಲ್ಕಕ್ಕೂ ಉತ್ತರ ಬರೆಯಬೇಕು.

ಮೊದಲನೆಯದು, ದಾರಿ ಯಾರದ್ದು. ಗ್ರಾಮ ನಕ್ಷೆ ತೆಗೆದು ನೋಡಿ. ಅದರಲ್ಲಿ ಕಾಲುದಾರಿ, ಬಂಡಿದಾರಿ ಗುರುತು ಇರುತ್ತದೆ. ಗುರುತು ಇದ್ದರೆ ಅದು ನಕಾಶೆ ದಾರಿ, ಅದನ್ನು ಯಾರೂ ಮುಚ್ಚುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಉತ್ತರದ ದಾರಿ ನಕ್ಷೆಯಲ್ಲಿ ಬಂಡಿದಾರಿ, ಮೇಲೆ ಪಂಚಾಯಿತಿಯವರು ಡಾಂಬರು ಹಾಕಿದ್ದಾರೆ. ಇದು ಗಟ್ಟಿ ಸ್ಥಿತಿ. ಡಾಂಬರು ಇದ್ದ ಮಾತ್ರಕ್ಕೆ ಸಾರ್ವಜನಿಕ ಅಂತ ಅಂದುಕೊಳ್ಳಬೇಡಿ. ನಕ್ಷೆಯಲ್ಲಿ ಇಲ್ಲದ, ಯಾರದೋ ಪಟ್ಟಾ ಜಮೀನಿನ ಮೇಲೆ ಊರವರ ಒಪ್ಪಿಗೆಯಲ್ಲಿ ಡಾಂಬರು ಹಾಕಿದ ದಾರಿಗಳೂ ಬೇಕಾದಷ್ಟಿವೆ. ಅಂಥದ್ದಾದರೆ ಅದು ಪಂಚಾಯಿತಿಯ ರಸ್ತೆ ಪಟ್ಟಿಯಲ್ಲಿ ಇದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿ.

ದಾರಿ ಬೇರೆಯವರ ಜಮೀನಿನ ಒಳಗೆ ಬಂದರೆ? "ಓಡಾಡೋಕೆ ಬಿಟ್ಟಿದ್ದಾರೆ, ಏನೂ ತೊಂದರೆ ಇಲ್ಲ" ಅನ್ನುವುದು ಹಕ್ಕಲ್ಲ, ಅದು ಅವರ ದಾಕ್ಷಿಣ್ಯ. ಜಮೀನು ನಿಮ್ಮಿಂದ ಹೊಸಬನಿಗೆ ಹೋದ ದಿನವೇ ದಾಕ್ಷಿಣ್ಯ ಮುಗಿಯಬಹುದು. ನಿಮ್ಮ ಕ್ರಯಪತ್ರದಲ್ಲಿ ದಾರಿಯ ಹಕ್ಕು ಬರೆದಿದೆಯಾ, ಅಥವಾ ಬೇರೆ ನೋಂದಾಯಿತ ಪತ್ರ ಇದೆಯಾ ನೋಡಿ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಇಪ್ಪತ್ತು ವರ್ಷ ಅಡೆತಡೆ ಇಲ್ಲದೆ, ಹಕ್ಕು ಅಂತಲೇ ಬಹಿರಂಗವಾಗಿ ಬಳಸಿದ ದಾರಿಗೆ ಹಕ್ಕು ಬರುತ್ತದೆ. ಅನುಮತಿ ಕೇಳಿ ಓಡಾಡಿದ್ದರೆ ಬರಲ್ಲ. ಬರುತ್ತೆ ಅಂದರೂ ಸಾಧಿಸಬೇಕಾದ್ದು ಕೋರ್ಟಿನಲ್ಲಿ. ದುಡ್ಡು ಕೊಟ್ಟು ಕೇಸು ಕೊಳ್ಳಲು ಯಾರೂ ಬರುವುದಿಲ್ಲ. ಸಾಧ್ಯವಿದ್ದರೆ ಮಾರುವ ಮುಂಚೆ ಆ ಮಾಲೀಕರ ಜೊತೆ ಕೂತು ದಾರಿಗೆ ಅಳತೆ ಸಮೇತ ನೋಂದಾಯಿತ ಪತ್ರ ಮಾಡಿಸಿ. ಅದಕ್ಕೆ ಆಗುವ ಖರ್ಚು ವ್ಯಾಪಾರದಲ್ಲಿ ವಾಪಸ್ ಬರುತ್ತದೆ.

ಎರಡನೆಯದು ಅಗಲ. ನಿಮ್ಮ ಗೇಟಿನ ಮುಂದೆ ಅಳೆದು "30 ಅಡಿ ರಸ್ತೆ" ಅಂತ ಬರೆಯುವುದು ಅರ್ಧ ಸತ್ಯ. ಮುಖ್ಯ ರಸ್ತೆಯಿಂದ ನಿಮ್ಮ ಜಮೀನಿನ ತನಕ ಬರುವಾಗ ಎಲ್ಲಿ ಅತಿ ಕಿರಿದಾಗುತ್ತೋ ಅಲ್ಲಿ ಅಳೆಯಿರಿ. ಊರೊಳಗೆ ಎರಡು ಮನೆ ಗೋಡೆ ನಡುವೆ, ಮೋರಿಯ ಮೇಲೆ, ಸೇತುವೆಯ ಮೇಲೆ. ಇಟ್ಟಿಗೆ ಲಾರಿ ಅಲ್ಲಿ ತಿರುಗದಿದ್ದರೆ ಗೇಟಿನ ಮುಂದೆ 30 ಅಡಿ ಇದ್ದು ಏನು ಪ್ರಯೋಜನ? ಡಾಂಬರಿನ ಅಗಲ ಬೇರೆ, ಬೇಲಿಯಿಂದ ಬೇಲಿಗೆ ಇರುವ ಅಗಲ ಬೇರೆ. ಎರಡನ್ನೂ ಕೊಡಿ. ಗ್ರಾಮ ನಕ್ಷೆಯಲ್ಲಿ ಗೆರೆ ಅಳೆದು ಅಗಲ ಹೇಳಲು ಹೋಗಬೇಡಿ, ಆ ಅಳತೆಯಲ್ಲಿ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ. ಕೊಳ್ಳುವವನು ಮುಂದೆ ಕಟ್ಟಡದ ನಕ್ಷೆಗೆ ಅನುಮತಿ ಕೇಳುವಾಗ ರಸ್ತೆ ಅಗಲವೇ ಮೊದಲ ಪ್ರಶ್ನೆ ಆಗುತ್ತದೆ, ಆದ್ದರಿಂದ ಅವನು ಈ ಸಂಖ್ಯೆಯನ್ನು ಖಂಡಿತ ಪರೀಕ್ಷೆ ಮಾಡುತ್ತಾನೆ.

ಮೂರನೆಯದು, ಜಮೀನು ರಸ್ತೆಗೆ ಎಷ್ಟು ಉದ್ದ ತಾಗುತ್ತದೆ. ನಮ್ಮದರಲ್ಲಿ 176 ಅಡಿ ಪೂರ್ತಿ. ಬರೀ 12 ಅಡಿ ಮೂತಿ ಇದ್ದು ಹಿಂದೆ ಅಗಲವಾಗುವ ಜಮೀನೂ "ರೋಡ್ ಟಚ್" ಅನ್ನಿಸಿಕೊಳ್ಳುತ್ತದೆ. ನಾಲ್ಕನೆಯದು ಮಳೆಗಾಲ. ಎಲ್ಲಾ ಕಾಲದಲ್ಲೂ ಕಾರು ಹೋಗುತ್ತದಾ, ಕೊನೆಯ ಭಾಗ ಮಣ್ಣಾ, ಹಳ್ಳ ಬಂದಾಗ ನಿಲ್ಲಬೇಕಾ. ಒಂದೇ ಸಾಲು ಸಾಕು.

ರಾಜ್ಯ ಹೆದ್ದಾರಿಗೋ ರಾಷ್ಟ್ರೀಯ ಹೆದ್ದಾರಿಗೋ ಅಂಟಿಕೊಂಡ ಜಮೀನಾದರೆ ಅದನ್ನು ಬರೀ ಲಾಭ ಅಂತ ಬರೆಯಬೇಡಿ. ಅಲ್ಲಿ ರಸ್ತೆಯ ಮಧ್ಯದಿಂದ ಇಷ್ಟು ದೂರ ಕಟ್ಟುವಂತಿಲ್ಲ ಅಂತ ಗೆರೆ ಇರುತ್ತದೆ, ಹೆದ್ದಾರಿಗೆ ನೇರ ದಾರಿ ತೆರೆಯಲೂ ಇಲಾಖೆ ಒಪ್ಪಬೇಕು. ಮೇಲೆ ಹೈಟೆನ್ಷನ್ ತಂತಿ ಹೋಗಿದ್ದರೆ ಅದನ್ನೂ ಹೇಳಿ. ಫೋಟೋದಲ್ಲಿ ಕತ್ತರಿಸಿ ತೆಗೆದರೆ ಅವನು ಬಂದು ತಲೆ ಎತ್ತಿದ ಕೂಡಲೇ ಕಾಣುತ್ತದೆ.

ಐದನೇ ಹೆಜ್ಜೆ: ಏನು ಮಾಡಬಹುದು ಅನ್ನುವ ಸಾಲು

ಇಲ್ಲಿ ಮೂರು ಬೇರೆ ಬೇರೆ ಕಾಗದ ಇವೆ, ಜನ ಮೂರನ್ನೂ ಒಂದೇ ಮಾಡಿಬಿಡುತ್ತಾರೆ.

ಒಂದು, ಕಂದಾಯ ದಾಖಲೆ. ಪಹಣಿಯಲ್ಲಿ ಅದು ಕೃಷಿ ಜಮೀನಾಗಿದ್ದರೆ ಇವತ್ತು ಅಲ್ಲಿ ಕೃಷಿಯೇ. 2020ರ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಹಾಗಾಗಿ ನೋಡುವವರ ಸಂಖ್ಯೆ ಹೆಚ್ಚಾಗಿದೆ. ಆದರೆ ಯಾರು ಕೊಳ್ಳಬಹುದು ಅನ್ನುವುದು ಬದಲಾಯಿತೇ ಹೊರತು, ಕೊಂಡ ಜಾಗದಲ್ಲಿ ಏನು ಮಾಡಬಹುದು ಅನ್ನುವುದು ಅದರಿಂದ ಬದಲಾಗಿಲ್ಲ. ನಗರದಿಂದ ಬರುವ ಕೊಳ್ಳುಗರು ಇದನ್ನು ಬಹಳ ಸಲ ಗೊಂದಲ ಮಾಡಿಕೊಳ್ಳುತ್ತಾರೆ.

ಎರಡು, ಭೂ ಪರಿವರ್ತನೆ, ಎಲ್ಲರ ಬಾಯಲ್ಲಿ ಕನ್ವರ್ಷನ್. 1964ರ ಭೂಕಂದಾಯ ಕಾಯ್ದೆಯ ಕಲಂ 95ರಲ್ಲಿ ಆಗುವುದು. ಆದೇಶ ಇದ್ದರೆ ಅದನ್ನು ಪೂರ್ತಿ ಓದಿ. ಯಾವ ಉದ್ದೇಶಕ್ಕೆ ಅಂತ ಅದರಲ್ಲಿ ಇರುತ್ತದೆ: ವಸತಿ, ವಾಣಿಜ್ಯ, ಕೈಗಾರಿಕೆ. ವಸತಿಗೆ ಆಗಿರುವ ಜಾಗವನ್ನು "ಗೋದಾಮಿಗೆ ಸೂಕ್ತ" ಅಂತ ಬರೆಯಲು ಆಗಲ್ಲ. ಎಷ್ಟು ವಿಸ್ತೀರ್ಣಕ್ಕೆ ಆಗಿದೆ ಅಂತಲೂ ನೋಡಿ, ಕೆಲವು ಸಲ ಸರ್ವೆ ನಂಬರಿನ ಒಂದು ಭಾಗಕ್ಕೆ ಮಾತ್ರ ಆಗಿರುತ್ತದೆ. ಆದೇಶದ ಕೊನೆಯಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ, ಯಾರೂ ಓದದ ಪುಟ ಅದು, ಕೊಳ್ಳುವವನ ವಕೀಲ ಓದುವ ಪುಟವೂ ಅದೇ.

ಮೂರು, ಮಹಾಯೋಜನೆ ಅಂದರೆ ಮಾಸ್ಟರ್ ಪ್ಲಾನ್. ಜಮೀನು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಇದ್ದರೆ ಆ ನಕ್ಷೆಯಲ್ಲಿ ಅದಕ್ಕೆ ಒಂದು ವಲಯ ಇರುತ್ತದೆ. ನಮ್ಮ 84/2 ಪಹಣಿಯಲ್ಲಿ ಕೃಷಿ, ಮಹಾಯೋಜನೆಯಲ್ಲಿ ವಸತಿ ವಲಯ, ಕನ್ವರ್ಷನ್ ಆಗಿಲ್ಲ. ಅಂದರೆ ಮನೆ ಉದ್ದೇಶಕ್ಕೆ ಕನ್ವರ್ಷನ್ ಕೇಳಲು ವಲಯ ಅಡ್ಡಿ ಆಗಲ್ಲ. ಅಷ್ಟೇ ಅರ್ಥ. ಇದನ್ನು "ಮನೆ ಕಟ್ಟಬಹುದು" ಅಂತ ಬರೆದರೆ ಸುಳ್ಳು, "ಕನ್ವರ್ಷನ್ ಮಾಡಿಸಿಕೊಂಡು, ನಕ್ಷೆ ಅನುಮತಿ ಪಡೆದು ಕಟ್ಟಬಹುದಾದ ವಲಯ" ಅಂದರೆ ನಿಜ. ಉಲ್ಟಾ ಸಂದರ್ಭವೂ ಇದೆ: ಹಸಿರು ವಲಯದಲ್ಲಿ ಇದ್ದರೆ, ಅಥವಾ ಮಹಾಯೋಜನೆಯ ಪ್ರಸ್ತಾವಿತ ರಸ್ತೆ ನಿಮ್ಮ ಜಮೀನಿನ ನಡುವೆಯೇ ಹೋಗಿದ್ದರೆ, ಅದು ಈ ಕ್ಷಣ ನೆಲದ ಮೇಲೆ ಕಾಣುವುದಿಲ್ಲ, ಆದರೆ ಅನುಮತಿ ಕೇಳಿದ ದಿನ ಕಾಣುತ್ತದೆ. ಪ್ರಾಧಿಕಾರದಿಂದ ವಲಯದ ಪ್ರಮಾಣಪತ್ರ ತೆಗೆದಿಡಿ. ಮೊಬೈಲಿನಲ್ಲಿ ಬಂದ ಬಣ್ಣದ ನಕ್ಷೆಯ ಫೋಟೋ ಸಾಕ್ಷಿ ಅಲ್ಲ.

"ಬೇಗ ಕನ್ವರ್ಷನ್ ಆಗುತ್ತೆ", "ರಿಂಗ್ ರೋಡ್ ಬರಲಿದೆ", "ರೆಸಾರ್ಟಿಗೆ ಬೆಸ್ಟ್". ಇವನ್ನೆಲ್ಲ ಅಳಿಸಿ. ಇವತ್ತಿನ ಸ್ಥಿತಿ ಮಾತ್ರ ಬರೆಯಿರಿ. ಮುಂದಿನದನ್ನು ಊಹಿಸುವುದು ಕೊಳ್ಳುವವನಿಗೆ ಚೆನ್ನಾಗಿ ಗೊತ್ತು, ಅವನು ಬಂದಿರುವುದೇ ಅದಕ್ಕೆ.

ಈಗ ಬರೆಯೋಣ

ಮೇಲಿನ ಎಲ್ಲವೂ ಸೇರಿದರೆ ನಮ್ಮ ತಂಗಿಯ ಜಾಹೀರಾತು ಹೀಗೆ ಆಗುತ್ತದೆ:

"ಮಾರಾಟಕ್ಕೆ: ಕೃಷಿ ಜಮೀನು, ಸರ್ವೆ ನಂಬರ್ 84/2ರಲ್ಲಿ ಪೂರ್ವದ ಭಾಗ. ಪಹಣಿಯಂತೆ ಖರಾಬು ಬಿಟ್ಟು 30 ಗುಂಟೆ. ಬೇಲಿಯೊಳಗೆ ನಾವು ಅಳೆದಂತೆ 28 ಗುಂಟೆ 11 ಆಣೆ. ಉಳಿದದ್ದು ಉತ್ತರದ ರಸ್ತೆ ಅಗಲ ಮಾಡಿದಾಗ ರಸ್ತೆಗೆ ಸೇರಿದೆ. ಬೆಲೆ ಬೇಲಿಯೊಳಗಿನ ಅಳತೆಗೆ ಮಾತ್ರ.

ಅಳತೆ: ಉತ್ತರ 176 ಅಡಿ, ದಕ್ಷಿಣ 182, ಪೂರ್ವ 180, ಪಶ್ಚಿಮ 174, ಈಶಾನ್ಯದಿಂದ ನೈಋತ್ಯಕ್ಕೆ ಕರ್ಣ 230.

ಚಕ್ಕುಬಂದಿ: ಪೂರ್ವಕ್ಕೆ ಸರ್ವೆ ನಂಬರ್ 85, ಪಶ್ಚಿಮಕ್ಕೆ 84/2ರ ಉಳಿದ ಭಾಗ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಹಳ್ಳ. ಹಳ್ಳ 'ಬಿ' ಖರಾಬು, ಮಾರಾಟದಲ್ಲಿ ಸೇರಿಲ್ಲ.

ದಾಖಲೆ: ವಿಭಾಗ ಪತ್ರದ ಮೂಲಕ ಬಂದದ್ದು, ಮ್ಯುಟೇಷನ್ ಆಗಿದೆ, ಪೋಡಿ ಆಗಿಲ್ಲ, 11ಇ ನಕ್ಷೆ ತಯಾರಿದೆ. ಪಹಣಿಯಲ್ಲಿ ಸಾಲ ಇಲ್ಲ. ಋಣಭಾರ ಪ್ರಮಾಣಪತ್ರ ಇದೆ.

ದಾರಿ: ಗ್ರಾಮ ನಕ್ಷೆಯಲ್ಲಿರುವ ಬಂಡಿದಾರಿ, ಈಗ ಡಾಂಬರು. ಡಾಂಬರು 12 ಅಡಿ, ಬೇಲಿಯಿಂದ ಬೇಲಿಗೆ 30 ಅಡಿ. ಬರುವ ದಾರಿಯಲ್ಲಿ ಮೋರಿಯ ಹತ್ತಿರ ಅತಿ ಕಿರಿದು, 14 ಅಡಿ. ಎಲ್ಲಾ ಕಾಲದಲ್ಲೂ ಕಾರು, ಲಾರಿ ಬರುತ್ತದೆ. ರಸ್ತೆಗೆ ತಾಗುವ ಉದ್ದ 176 ಅಡಿ.

ಬಳಕೆ: ಸದ್ಯ ಕೃಷಿ ಮಾತ್ರ. ಕನ್ವರ್ಷನ್ ಆಗಿಲ್ಲ. ಮಹಾಯೋಜನೆಯಲ್ಲಿ ವಸತಿ ವಲಯ, ಪ್ರಮಾಣಪತ್ರ ಇದೆ. ಕನ್ವರ್ಷನ್ ಖರ್ಚು ಕೊಳ್ಳುವವರದು.

ಮೂಲ ಪತ್ರಗಳನ್ನು ಭೇಟಿಯಲ್ಲಿ ತೋರಿಸುತ್ತೇವೆ. ನಿಮ್ಮ ಸರ್ವೆಯರ್ ಕರೆದುಕೊಂಡು ಬಂದು ಅಳೆಯಬಹುದು."

ಓದಿ ನೋಡಿ, ಇದರಲ್ಲಿ ಹೊಗಳಿಕೆ ಒಂದೂ ಇಲ್ಲ. ಎರಡು ಕೊರತೆ ಬಹಿರಂಗವಾಗಿಯೇ ಇವೆ, ರಸ್ತೆಗೆ ಹೋದ ಜಾಗ ಮತ್ತು 14 ಅಡಿ ಮೋರಿ. ಆ ಎರಡನ್ನು ನೋಡಿದ ಮೇಲೂ ಕರೆ ಮಾಡುವವನು ಬೆಲೆ ಇಳಿಸಲು ಅವನ್ನೇ ಹಿಡಿದು ಎಳೆದಾಡಲು ಆಗಲ್ಲ, ಯಾಕೆಂದರೆ ಬೆಲೆ ಹೇಳಿರುವುದೇ ಅದನ್ನು ಲೆಕ್ಕ ಹಾಕಿ.

ಋಣಭಾರ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಅದು ಕಾವೇರಿ ತಾಣದಲ್ಲಿ ಸಿಗುತ್ತದೆ, ನೋಂದಣಿ ಆದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿ ಆಗದ ಕರಾರು, ಕೋರ್ಟಿನಲ್ಲಿರುವ ಕೌಟುಂಬಿಕ ದಾವೆ ಅದರಲ್ಲಿ ಬರಬೇಕು ಅಂತಿಲ್ಲ. ಆದ್ದರಿಂದ "ಇಸಿ ಕ್ಲಿಯರ್ ಇದೆ" ಅಂದರೆ "ತಕರಾರು ಇಲ್ಲ" ಅಂತ ಅಲ್ಲ. ದಾವೆ ಇದ್ದರೆ ಜಾಹೀರಾತಲ್ಲೇ ಬರೆಯಿರಿ, ಇಲ್ಲವಾದರೆ ಜಾಹೀರಾತೇ ಹಾಕಬೇಡಿ.

ಫೋಟೋ ಮತ್ತು ಲೊಕೇಶನ್

ಸೂರ್ಯಾಸ್ತದ ಫೋಟೋ ಬೇಡ. ಬೇಕಾದ್ದು: ನಾಲ್ಕು ಮೂಲೆಯ ಕಲ್ಲು ಒಂದೊಂದು, ಗೇಟಿನಲ್ಲಿ ನಿಂತು ರಸ್ತೆಯ ಎರಡೂ ಕಡೆ, ಕಿರಿದಾದ ಮೋರಿ, ಹಳ್ಳದ ಅಂಚು, ತಂತಿ ಕಂಬ ಇದ್ದರೆ ಅದು. ಕಲ್ಲು ಮುಳ್ಳುಗಿಡದೊಳಗೆ ಮುಚ್ಚಿದ್ದರೆ ಸುತ್ತ ಬಿಡಿಸಿ, ಸುಣ್ಣ ಬಳಿದು, ಆಮೇಲೆ ತೆಗೆಯಿರಿ. ಕಲ್ಲು ಸಿಗದಿದ್ದರೆ ಸಿಗಲಿಲ್ಲ ಅಂತ ಬರೆಯಿರಿ, ಹೊಸ ಕಲ್ಲು ನೆಟ್ಟು ಹಳೇದು ಅಂತ ತೋರಿಸಬೇಡಿ.

ಲೊಕೇಶನ್ ಪಿನ್ ಊರಿನ ಹೆಸರಿಗೆ ಹಾಕಿದರೆ ಕೊಳ್ಳುವವನು ದೇವಸ್ಥಾನದ ಮುಂದೆ ನಿಂತು ಫೋನ್ ಮಾಡುತ್ತಾನೆ. ಗೇಟಿನ ಎದುರೇ ನಿಂತು ಪಿನ್ ಹಾಕಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ, ದಿಶಾಂಕ್ ತೋರಿಸುವ ಗೆರೆಯೂ ಗಡಿ ತೀರ್ಮಾನಕ್ಕೆ ಅಲ್ಲ, ಜಾಗ ಹುಡುಕಲು ಮಾತ್ರ. ಅದರಲ್ಲಿ ಪಕ್ಕದವರ ಬಾವಿ ನಿಮ್ಮ ಒಳಗೆ ಕಂಡರೆ "ಬಾವಿ ಸಮೇತ" ಅಂತ ಬರೆದುಬಿಡಬೇಡಿ.

ಯಾರಾದರೂ ಕರಾರು ಮಾಡಿಕೊಂಡು ಅಡ್ವಾನ್ಸ್ ಕೊಟ್ಟ ದಿನವೇ ಜಾಹೀರಾತನ್ನು ತೆಗೆಯಿರಿ, ಅಥವಾ "ಕರಾರು ಆಗಿದೆ" ಅಂತ ಮೇಲೆ ಬರೆಯಿರಿ. ಇನ್ನೂ ಜಾಸ್ತಿ ಕೊಡುವವರು ಬರಬಹುದು ಅಂತ ಬಿಟ್ಟರೆ, ಎರಡನೆಯವನಿಂದಲೂ ದುಡ್ಡು ಹಿಡಿಯುವ ಆಸೆ ಬರುತ್ತದೆ, ಮೊದಲನೆಯವನು ಕರಾರಿನ ಪ್ರಕಾರ ಕ್ರಯ ಮಾಡಿಕೊಡಿ ಅಂತ ಕೋರ್ಟಿಗೆ ಹೋದರೆ ಜಮೀನು ವರ್ಷಗಟ್ಟಲೆ ಅಲ್ಲೇ ಸಿಕ್ಕಿಬೀಳುತ್ತದೆ. ಹಾಕಿದ ಕಡೆಯೆಲ್ಲ ತೆಗೆಯಬೇಕು, ಬ್ರೋಕರ್‌ಗಳು ತಮ್ಮ ಗುಂಪುಗಳಲ್ಲಿ ಹಂಚಿದ್ದನ್ನೂ ಸೇರಿಸಿ.